ಹಳೇ ಆಫೀಸ್ ಕಂಪ್ಯೂಟರ್‌ನಲ್ಲಿ ಜಿಟಿಎ 5 ಓಡುತ್ತಾ?

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು. ಹುಬ್ಬಳ್ಳಿಯಲ್ಲಿ ಒಂದು ಆಫೀಸಿನಿಂದ ತೆಗೆದ ಸ್ಲಿಮ್ ಡೆಸ್ಕ್‌ಟಾಪ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. i5-3470 ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಜಿಟಿಎ 5 ಆಟದ ‘ರೆಕಮೆಂಡೆಡ್’ ಪಟ್ಟಿಯಲ್ಲಿ ಇದೇ ಪ್ರೊಸೆಸರ್ ಹೆಸರಿದೆ. ಗ್ರಾಫಿಕ್ಸ್ ಮೆಮೊರಿ 1792 ಎಂಬಿ ಅಂತ ತೋರಿಸುತ್ತೆ, ಮಿನಿಮಮ್‌ಗೆ 1 ಜಿಬಿ ಸಾಕಂತೆ. ಅಂಗಡಿಯವರು ಆರಾಮಾಗಿ ಓಡುತ್ತೆ ಅಂದರು. ಗೆಳೆಯ ಓಡೋದೇ ಇಲ್ಲ ಅಂತಾನೆ. ಗೇಮ್ ತಗೊಳ್ಳಲಾ, ಬೇಡವಾ?

ಉತ್ತರ: ಈಗಲೇ ತಗೊಳ್ಳಬೇಡಿ. ಈ ಮಷಿನ್ನಿನಲ್ಲಿ ಆಟ ತೆರೆದುಕೊಳ್ಳಬಹುದು, ಆದರೆ ಆಡುವ ಹಾಗೆ ಓಡುವುದಿಲ್ಲ. ನಿಮ್ಮ ಗೆಳೆಯನ ಮಾತು ಹೆಚ್ಚು ಸರಿ. ಹಾಗಂತ ಕಂಪ್ಯೂಟರ್ ತಗೊಂಡದ್ದು ತಪ್ಪಲ್ಲ. ಒಂದೇ ಒಂದು ವಸ್ತು ಸೇರಿಸಿದರೆ ಇದೇ ಡಬ್ಬಿ ಈ ಆಟವನ್ನು ಚೆನ್ನಾಗಿ ಓಡಿಸುತ್ತದೆ. ಆ ವಸ್ತು ಯಾವುದು, ಅದು ನಿಮ್ಮ ಡಬ್ಬಿಯಲ್ಲಿ ಕೂರುತ್ತಾ ಅನ್ನೋದನ್ನು ಪಟ್ಟಿ ಓದುತ್ತಲೇ ನೋಡೋಣ.

ಮೊದಲು ಪಟ್ಟಿಯನ್ನೇ ಮುಂದಿಟ್ಟುಕೊಳ್ಳೋಣ. ಈ ಆಟ ಕಂಪ್ಯೂಟರ್‌ಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಆ ಹಳೇ ಆವೃತ್ತಿಯ ಮಿನಿಮಮ್ ಪಟ್ಟಿಯಲ್ಲಿ Core 2 Quad Q6600 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಜಿಬಿಯ NVIDIA 9800 GT ಕಾರ್ಡ್ ಇವೆ. ರೆಕಮೆಂಡೆಡ್ ಪಟ್ಟಿಯಲ್ಲಿ i5-3470, 8 ಜಿಬಿ ರ‍್ಯಾಮ್, 2 ಜಿಬಿಯ GTX 660 ಇವೆ. ಇದರಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಎರಡೂ ನಿಮ್ಮಲ್ಲಿ ಹೇಳಿ ಮಾಡಿಸಿದ ಹಾಗೆ ಇವೆ. ಅಂಗಡಿಯವರು ಅಲ್ಲಿಗೇ ನಿಂತರು. ಪಟ್ಟಿಯ ಮೂರನೇ ಸಾಲಿಗೆ ಅವರು ಬರಲೇ ಇಲ್ಲ.

ಈ ಪಟ್ಟಿ ಶಾಲೆಯ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಇಂಗ್ಲಿಷಿನಲ್ಲಿ ಇಪ್ಪತ್ತು ಬಂದರೆ ಪಾಸಾಗುವುದಿಲ್ಲ ಅಲ್ವಾ? ಒಟ್ಟು ಕೂಡಿಸಿ ನೋಡುವ ಲೆಕ್ಕ ಇಲ್ಲಿಲ್ಲ. ಪ್ರತಿ ಸಾಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಹಳೇ ಆಫೀಸ್ ಕಂಪ್ಯೂಟರ್‌ಗಳು ಫೇಲಾಗುವುದು ಹೆಚ್ಚಾಗಿ ಗ್ರಾಫಿಕ್ಸ್ ಸಾಲಿನಲ್ಲೇ. ಆಫೀಸಿಗೆ ಬೇಕಾದದ್ದು ಟ್ಯಾಲಿ, ಎಕ್ಸೆಲ್, ಪ್ರಿಂಟರ್. ಅದಕ್ಕೆ ಯಾರೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದಿಲ್ಲ. ಹಾಗಾಗಿ ಇಂಥ ಮಷಿನ್ನಿಗೆ ಪಟ್ಟಿ ಓದುವಾಗ ಗ್ರಾಫಿಕ್ಸ್ ಸಾಲನ್ನೇ ಮೊದಲು ಓದಿ. ಅದು ಫೇಲಾದರೆ ಉಳಿದ ಸಾಲು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಈಗ ನಿಮ್ಮ 1792 ಎಂಬಿಗೆ ಬರೋಣ. ಜನ ಜಾಸ್ತಿ ಮೋಸಹೋಗುವುದು ಇಲ್ಲೇ. ವಿಂಡೋಸ್ ಬಟನ್ ಜೊತೆ R ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇದನ್ನು ಹೊಡೆಯಿರಿ:

```
dxdiag
```

ತೆರೆದ ಕಿಟಕಿಯಲ್ಲಿ Display ಅನ್ನೋ ಟ್ಯಾಬ್‌ಗೆ ಹೋಗಿ. Name ಎದುರಿಗೆ Intel HD Graphics ಅಂತ ಇರುತ್ತದೆ. i5-3470 ಒಳಗೆ ಕೂತಿರುವುದು HD Graphics 2500. ಅದರ ಕೆಳಗೆ ಮೆಮೊರಿಯ ಮೂರು ಸಾಲುಗಳಿವೆ. ನೀವು ನೋಡಿದ 1792 ಎಂಬಿ Approx. Total Memory ಸಾಲಿನದು. ಅದರ ಕೆಳಗಿನ ಎರಡು ಸಾಲನ್ನೂ ಓದಿ. Display Memory ಎದುರಿಗೆ ಹತ್ತಾರು ಎಂಬಿ ಮಾತ್ರ ಕಾಣಿಸುತ್ತದೆ. ಉಳಿದದ್ದೆಲ್ಲಾ Shared Memory. ಅಂದರೆ ಅದು ಗ್ರಾಫಿಕ್ಸ್‌ನ ಸ್ವಂತ ಆಸ್ತಿಯಲ್ಲ, ನಿಮ್ಮ 8 ಜಿಬಿ ರ‍್ಯಾಮ್‌ನಿಂದ ಬೇಕಾದಾಗ ಕಡ ತಗೊಳ್ಳುವ ಜಾಗ. ಪಟ್ಟಿಯಲ್ಲಿ ‘1 ಜಿಬಿ’ ಅಂತ ಬರೆದಿರುವುದು ಕಾರ್ಡಿನ ಮೇಲೆಯೇ ಬೆಸುಗೆ ಹಾಕಿದ ವೇಗದ ಮೆಮೊರಿ. ಎರಡೂ ಜಿಬಿಯಲ್ಲೇ ಅಳೆಯುತ್ತೇವೆ ಅನ್ನೋದು ಬಿಟ್ಟರೆ ಅವೆರಡಕ್ಕೂ ಹೋಲಿಕೆ ಇಲ್ಲ.

ಎಷ್ಟು ವ್ಯತ್ಯಾಸ ಅಂತ ಕೇಳಿದರೆ, ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹರಿಯುತ್ತೆ ಅಂತ ನೋಡಬೇಕು. 9800 GT 2008ರ ಕಾರ್ಡು. ಅಷ್ಟು ಹಳೆಯದಾದರೂ ಅದರ ಮೆಮೊರಿಯಿಂದ ಸೆಕೆಂಡಿಗೆ 57.6 ಜಿಬಿ ಹರಿಯುತ್ತದೆ. ನಿಮ್ಮ ಮಷಿನ್ನಿನಲ್ಲಿ 1600ರ ವೇಗದ ಡಿಡಿಆರ್3 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಹರಿಯುವುದು ಸೆಕೆಂಡಿಗೆ 12.8 ಜಿಬಿ. ಎರಡು ಕಡ್ಡಿ ಇದ್ದರೆ 25.6 ಜಿಬಿ. ಅದನ್ನೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಇಬ್ಬರೂ ಹಂಚಿಕೊಳ್ಳಬೇಕು. ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದು ನಿಂತ ಹಾಗೆ. ಅದರ ಮೇಲೆ HD 2500 ಅನ್ನೋದು ಆ ತಲೆಮಾರಿನಲ್ಲೇ ಚಿಕ್ಕದು. ಅದರ ಅಣ್ಣ HD 4000ರಲ್ಲಿ ಲೆಕ್ಕ ಮಾಡುವ ಘಟಕಗಳು 16 ಇದ್ದರೆ ಇದರಲ್ಲಿ ಇರುವುದು 6.

‘ಹಾಗಾದರೆ ಗೇಮ್ ತೆರೆಯೋದೇ ಇಲ್ವಾ?’ ಅಂತ ನೀವು ಕೇಳಬಹುದು. ತೆರೆಯಬಹುದು. ಪಟ್ಟಿಯ ಸಾಲುಗಳಲ್ಲಿ ಎರಡು ಜಾತಿ ಇವೆ. ಒಂದು ಬಾಗಿಲಿನಂಥದ್ದು: ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. 64 ಬಿಟ್ ವಿಂಡೋಸ್, ಡೈರೆಕ್ಟ್‌ಎಕ್ಸ್, ಡಿಸ್ಕಿನಲ್ಲಿ ಜಾಗ, ಇವೆಲ್ಲಾ ಬಾಗಿಲುಗಳು. ಇನ್ನೊಂದು ವೇಗದ್ದು: ಕಡಿಮೆ ಇದ್ದರೂ ಒಳಗೆ ಬಿಡುತ್ತದೆ, ಆದರೆ ಎಳೆದಾಡುತ್ತದೆ. HD 2500ಗೆ ಡೈರೆಕ್ಟ್‌ಎಕ್ಸ್ 11 ಗೊತ್ತು. ಆ ಬಾಗಿಲು ಅದು ದಾಟುತ್ತದೆ. ಯೂಟ್ಯೂಬ್‌ನಲ್ಲಿ ‘HD 2500ರಲ್ಲಿ ಜಿಟಿಎ 5 ಓಡಿಸಿದೆ’ ಅನ್ನೋ ವಿಡಿಯೋ ಸಿಗುವುದು ಇದಕ್ಕೇ. ಅದನ್ನು ನೋಡುವಾಗ ರೆಸಲ್ಯೂಶನ್ ಎಷ್ಟಿಟ್ಟಿದ್ದಾರೆ ಅಂತ ಗಮನಿಸಿ. 800x600 ಅಂದರೆ 4.8 ಲಕ್ಷ ಚುಕ್ಕೆ. ನಿಮ್ಮ ಮಾನಿಟರ್ 1920x1080 ಆಗಿದ್ದರೆ 20.7 ಲಕ್ಷ ಚುಕ್ಕೆ. ನಾಲ್ಕು ಪಟ್ಟು ಮೀರಿದ ಕೆಲಸ. ಸೆಕೆಂಡಿಗೆ 30 ಚಿತ್ರ ಬೇಕಂದರೆ ಒಂದು ಚಿತ್ರ ಬಿಡಿಸಲು ಸಿಗುವುದು 33 ಮಿಲಿಸೆಕೆಂಡ್ ಮಾತ್ರ. ಆ ಸಮಯದಲ್ಲಿ ಮುಗಿಸಲು ಆಗದಿದ್ದಾಗ ಕಾರು ತಿರುಗಿಸಿದರೆ ಪರದೆ ತಡೆದು ತಡೆದು ತಿರುಗುತ್ತದೆ. ಗೋಡೆಗೆ ಗುದ್ದಿದ ಮೇಲೆ ಗೋಡೆ ಕಾಣಿಸುತ್ತದೆ. ಅದನ್ನು ನಾನು ಓಡುವುದು ಅಂತ ಕರೆಯುವುದಿಲ್ಲ.

ಇಲ್ಲಿ ಪಟ್ಟಿಯ ಮೇಲೆಯೂ ನನ್ನದೊಂದು ಆಕ್ಷೇಪವಿದೆ. ಮಿನಿಮಮ್ ಅಂದರೆ ಯಾವ ರೆಸಲ್ಯೂಶನ್‌ನಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ, ಯಾವ ಸೆಟ್ಟಿಂಗ್, ಇದ್ಯಾವುದನ್ನೂ ಆ ಪಟ್ಟಿಯಲ್ಲಿ ಬರೆದಿಲ್ಲ. ಈಚೆಗೆ ಕೆಲವು ಕಂಪನಿಗಳು ‘1080, ಲೋ, 30’ ಅಂತ ಬಿಡಿಸಿ ಹೇಳುತ್ತವೆ. ಅದು ಬಹಳ ಒಳ್ಳೆಯದು. ಹಾಗೆ ಬರೆಯದ ಪಟ್ಟಿಯಲ್ಲಿ ಮಿನಿಮಮ್ ಅನ್ನೋದನ್ನು ‘ತೆರೆಯುತ್ತೆ, ಕಷ್ಟಪಟ್ಟು ಆಡಬಹುದು’ ಅಂತ ಓದಿಕೊಳ್ಳಿ. ರೆಕಮೆಂಡೆಡ್ ಅನ್ನೋದನ್ನು ‘ಆ ಕಾಲದಲ್ಲಿ ನೆಮ್ಮದಿಯಾಗಿ ಆಡಬಹುದಿತ್ತು’ ಅಂತ ಓದಿಕೊಳ್ಳಿ.

ಆ ಕಾಲ ಅಂದೆನಲ್ಲ, ಪಟ್ಟಿಗೂ ವಯಸ್ಸಾಗುತ್ತದೆ. ಹಳೇ ಪಟ್ಟಿ ವಿಂಡೋಸ್ 7 ಸಾಕು ಅನ್ನುತ್ತದೆ. ಆದರೆ ಆನ್‌ಲೈನ್‌ನಲ್ಲಿ ಆಟ ಮಾರುವ ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. ನಿಮ್ಮಲ್ಲಿ 10 ಇದೆ, ಸದ್ಯಕ್ಕೆ ತೊಂದರೆ ಇಲ್ಲ. ಜಾಗದ ಲೆಕ್ಕವೂ ಹಾಗೇ ಬೆಳೆದಿದೆ. ಆಟ ಬಂದ ಹೊಸದರಲ್ಲಿ 65 ಜಿಬಿ ಕೇಳುತ್ತಿತ್ತು, ಈಗ 120 ಜಿಬಿ ಕೇಳುತ್ತದೆ. ಆಫೀಸ್ ಮಷಿನ್ನುಗಳಲ್ಲಿ ಡಿಸ್ಕನ್ನು C, D, E ಅಂತ ತುಂಡು ಮಾಡಿರುತ್ತಾರೆ. ಒಟ್ಟು 500 ಜಿಬಿ ಇದ್ದರೂ ಒಂದೇ ತುಂಡಿನಲ್ಲಿ 120 ಖಾಲಿ ಇದೆಯಾ ನೋಡಿ. ಅಪ್‌ಡೇಟ್ ಬಂದಾಗ ಇನ್ನೂ ಜಾಗ ಬೇಕಾಗುತ್ತದೆ, 150 ಇಟ್ಟುಕೊಂಡರೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಈ ಆಟಕ್ಕೆ ಈಗ ಎರಡು ರೂಪ ಇವೆ. 2025ರ ಮಾರ್ಚ್‌ನಲ್ಲಿ Enhanced ಅನ್ನೋ ಹೊಸ ಆವೃತ್ತಿ ಬಂತು. ಹಳೆಯದನ್ನು Legacy ಅನ್ನುತ್ತಾರೆ. ಹೊಸದರ ಮಿನಿಮಮ್ ಪಟ್ಟಿಯೇ i7-4770 ಪ್ರೊಸೆಸರ್, 4 ಜಿಬಿಯ GTX 1630 ಕಾರ್ಡ್ ಕೇಳುತ್ತದೆ. ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಇರಲೇಬೇಕು ಅನ್ನುತ್ತದೆ. ಅಂದರೆ ಒಂದರ ರೆಕಮೆಂಡೆಡ್‌ನಲ್ಲಿರುವ ನಿಮ್ಮ ಪ್ರೊಸೆಸರ್ ಇನ್ನೊಂದರ ಮಿನಿಮಮ್‌ಗೂ ಸಾಲುವುದಿಲ್ಲ. ಗೇಮ್ ಹೆಸರು ಒಂದೇ, ಪಟ್ಟಿ ಎರಡು. ನೀವು ಓದುತ್ತಿರುವ ಪಟ್ಟಿ ಯಾವ ಆವೃತ್ತಿಯದು ಅಂತ ಮೇಲೆ ನೋಡಿಯೇ ಮುಂದೆ ಹೋಗಿ. ನಾನು ಇಲ್ಲಿ ಹೇಳುತ್ತಿರುವುದೆಲ್ಲಾ Legacy ಬಗ್ಗೆ. ನಿಮ್ಮ ಮಷಿನ್ನಿಗೆ ಆಗಿಬರುವುದು ಅದೇ.

ಹಾಗಾದರೆ ಯಾವ ಕಾರ್ಡ್ ಹಾಕಬೇಕು? ಕಾರ್ಡಿನ ನಂಬರ್ ಓದುವುದು ಗೊತ್ತಿಲ್ಲದಿದ್ದರೆ ಮೋಸಹೋಗುತ್ತೀರಿ. 9800 ಅನ್ನೋದು 1050ಗಿಂತ ದೊಡ್ಡ ಸಂಖ್ಯೆ, ಆದರೆ ಕಾರ್ಡು ಅದಕ್ಕಿಂತ ಬಹಳ ಹಳೆಯದು, ಬಹಳ ನಿಧಾನ. 9800 ಅನ್ನೋದು ಹಿಂದಿನ ಲೆಕ್ಕದ ಹೆಸರು. ಆಮೇಲೆ ಬಂದ ಹೆಸರುಗಳಲ್ಲಿ ಕೊನೆಯ ಎರಡು ಅಂಕಿ ದರ್ಜೆ, ಅದರ ಮುಂದಿನದು ತಲೆಮಾರು. 660 ಅಂದರೆ 6ನೇ ತಲೆಮಾರಿನ 60ರ ದರ್ಜೆ. 1050 ಅಂದರೆ 10ನೇ ತಲೆಮಾರಿನ 50ರ ದರ್ಜೆ. 710 ಅಂದರೆ 7ನೇ ತಲೆಮಾರು, ಆದರೆ ದರ್ಜೆ ಬರೀ 10. ಆಟಕ್ಕೆ ಕಾರ್ಡ್ ಬೇಕು ಅಂತ ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನ ಅಂಗಡಿಯಲ್ಲಿ ಕೇಳಿದರೂ, ಧಾರವಾಡದಲ್ಲಿ ಕೇಳಿದರೂ ‘2 ಜಿಬಿ ಕಾರ್ಡ್ ಇದೆ ನೋಡ್ರಿ’ ಅಂತ GT 710 ಮುಂದಿಡುವವರು ಇದ್ದಾರೆ. ಅದರ ಡಿಡಿಆರ್3 ಮೆಮೊರಿಯಿಂದ ಹರಿಯುವುದು ಸೆಕೆಂಡಿಗೆ 14.4 ಜಿಬಿ. 2008ರ 9800 GTಯ ಕಾಲು ಭಾಗ. ಅದರ ಮೇಲೆ 2 ಜಿಬಿ ಅಂತ ಬರೆದಿರುವುದು ನಿಜ, ಆದರೆ ಆ 2 ಜಿಬಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಮಾನಿಟರ್‌ಗೆ ಇನ್ನೊಂದು ಕಿಂಡಿ ಬೇಕಾದವರಿಗೆ ಅದು ಸರಿಯಾದ ಕಾರ್ಡು, ನಿಮಗಲ್ಲ.

ನಿಮಗೆ ಸರಿಹೊಂದುವುದು GTX 750 Ti ಇಲ್ಲವೇ GTX 1050 Ti. 750 Ti ಪಟ್ಟಿಯ GTX 660ಕ್ಕೆ ಸ್ವಲ್ಪ ಕೆಳಗೆ ನಿಲ್ಲುತ್ತದೆ. 1050 Ti ಅದಕ್ಕಿಂತ ಮೇಲೆ ಹೋಗುತ್ತದೆ, 4 ಜಿಬಿ ಸ್ವಂತ ಮೆಮೊರಿ ಇದೆ. ನನ್ನ ಒಲವು 1050 Ti ಕಡೆಗೆ. ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿದರೆ ನಿಮ್ಮ ಪ್ರೊಸೆಸರ್ ಅದಕ್ಕೆ ಕೆಲಸ ಒದಗಿಸಲಾರದು, ಸುಮ್ನೆ ದುಡ್ಡು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಕಾರ್ಡಿಗೆ ನಿಮ್ಮ ಎಸ್‌ಎಂಪಿಎಸ್ ಕರೆಂಟು ಕೊಡಲಾರದು.

ಈ ಎಸ್‌ಎಂಪಿಎಸ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ಗೇಮಿನ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಕೆಲವು ವರ್ಷದ ಹಿಂದೆ ಹಾವೇರಿಯ ಹುಡುಗನೊಬ್ಬ ಇಂಥದ್ದೇ ಸ್ಲಿಮ್ ಡಬ್ಬಿ ತಂದಿದ್ದ. ಅವನ ಹತ್ತಿರ ಇದ್ದ ಕಾರ್ಡಿಗೆ ಬೇರೆ 6 ಪಿನ್ ಕರೆಂಟು ವೈರ್ ಬೇಕಿತ್ತು. ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇರಲಿಲ್ಲ. ನಾನು ಹಾರ್ಡ್ ಡಿಸ್ಕಿನ ವೈರಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ಕೊಟ್ಟೆ. ಎರಡು ಸಂಜೆ ಚೆನ್ನಾಗಿ ಆಡಿದ. ಮೂರನೇ ದಿನ ಸುಟ್ಟ ವಾಸನೆ ಬಂದು ಎಸ್‌ಎಂಪಿಎಸ್ ಸತ್ತಿತು. ಆ ದುಡ್ಡು ನಾನೇ ಕಟ್ಟಿಕೊಟ್ಟೆ. ಆ ವೈರ್ ಇಲ್ಲ ಅಂದರೆ ಆ ಎಸ್‌ಎಂಪಿಎಸ್ ಅಂಥ ಕಾರ್ಡಿಗಾಗಿ ಮಾಡಿದ್ದಲ್ಲ ಅಂತ ಅರ್ಥ. ಅಂದಿನಿಂದ ನಾನು ಕನ್ವರ್ಟರ್ ಹಾಕುವುದನ್ನೇ ಬಿಟ್ಟಿದ್ದೇನೆ.

ಲೆಕ್ಕ ಹೀಗೆ ಮಾಡಿ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್ ಕಾರ್ಡಿಗೆ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. 1050 Ti ಬೇಡುವುದೂ 75. ಹಾಗಾಗಿ ಅದಕ್ಕೆ ಬೇರೆ ವೈರ್ ಬೇಡ. 750 Tiಗೆ 60 ಸಾಕು. ಕೆಲವು ಕಂಪನಿಯವರು ಇದೇ ಹೆಸರಿನ ಕಾರ್ಡಿನ ಮೇಲೂ 6 ಪಿನ್ ಕಿಂಡಿ ಇಡುತ್ತಾರೆ, ಅಂಥದ್ದು ನಿಮಗೆ ಬೇಡ. ನಿಮ್ಮ ಪ್ರೊಸೆಸರ್ 77 ವ್ಯಾಟಿನದು. 75 ಮತ್ತು 77 ಕೂಡಿದರೆ 152. ಇವೆರಡೂ 12 ವೋಲ್ಟಿನ ಲೈನಿನಿಂದ ಎಳೆಯುತ್ತವೆ. 152 ಅನ್ನು 12ರಿಂದ ಭಾಗಿಸಿದರೆ ಸುಮಾರು 12.7 ಆಂಪಿಯರ್. ಡಿಸ್ಕು, ಫ್ಯಾನುಗಳಿಗೂ ಸ್ವಲ್ಪ ಬೇಕು. ಎಸ್‌ಎಂಪಿಎಸ್ ಹಳೆಯದು, ಅದಕ್ಕೂ ಸ್ವಲ್ಪ ಉಸಿರಾಡಲು ಬಿಡಬೇಕು. ಹಾಗಾಗಿ 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಾನು ಧೈರ್ಯವಾಗಿ ಹಾಕುತ್ತೇನೆ.

ಡಬ್ಬಿ ತೆಗೆದರೆ ಎಸ್‌ಎಂಪಿಎಸ್ ಮೇಲೆ ಒಂದು ಸ್ಟಿಕ್ಕರ್ ಇದೆ. ಒಟ್ಟು ವ್ಯಾಟ್ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಅದನ್ನು ಬಿಟ್ಟು +12V ಅನ್ನೋ ಕಾಲಂ ಓದಿ. ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳಲ್ಲಿ ಮೇಲೆ 450 ವ್ಯಾಟ್ ಅಂತ ಇದ್ದು, 12 ವೋಲ್ಟಿನಲ್ಲಿ 14 ಆಂಪಿಯರ್ ಮಾತ್ರ ಬರೆದಿರುವುದನ್ನು ನೋಡಿದ್ದೇನೆ. ಅಂದರೆ ಆ ಲೈನಿಗೆ ನಿಜವಾಗಿ ಸಿಗುವುದು 168 ವ್ಯಾಟ್. ಬ್ರಾಂಡೆಡ್ ಆಫೀಸ್ ಮಷಿನ್ನಿನ 240 ವ್ಯಾಟಿನ ಚಿಕ್ಕ ಎಸ್‌ಎಂಪಿಎಸ್ ಎಷ್ಟೋ ಸಲ ಅದಕ್ಕಿಂತ ನಂಬಿಗಸ್ತ.

ಡಬ್ಬಿ ತೆಗೆದಾಗಲೇ ಅಳತೆಯನ್ನೂ ನೋಡಿಬಿಡಿ. ಸ್ಲಿಮ್ ಡಬ್ಬಿಯ ಹಿಂಭಾಗದಲ್ಲಿ ಕಾರ್ಡಿನ ಲೋಹದ ಪಟ್ಟಿ ಕೂರುವ ಸೀಳು ಸುಮಾರು 8 ಸೆಂಟಿಮೀಟರ್ ಉದ್ದ ಇದ್ದರೆ ಅದಕ್ಕೆ ‘ಲೋ ಪ್ರೊಫೈಲ್’ ಕಾರ್ಡೇ ಬೇಕು. ಅಂಥ ಕಾರ್ಡಿನ ಎತ್ತರ ಸುಮಾರು 7 ಸೆಂಟಿಮೀಟರ್, ಸಾಮಾನ್ಯ ಕಾರ್ಡಿನದು ಸುಮಾರು 11. ಸಾಮಾನ್ಯ ಕಾರ್ಡ್ ತಂದರೆ ಮುಚ್ಚಳ ಹಾಕಲು ಬರುವುದಿಲ್ಲ. ಎರಡೂ ಹೆಸರಿನ ಕಾರ್ಡುಗಳಲ್ಲಿ ಲೋ ಪ್ರೊಫೈಲ್ ಸಿಗುತ್ತವೆ. ಆದರೆ ಅವು ದಪ್ಪ, ಪಕ್ಕದ ಸ್ಲಾಟಿನ ಜಾಗವನ್ನೂ ತಿನ್ನಬಹುದು. ಉದ್ದನೆಯ ಸ್ಲಾಟಿನ ಪಕ್ಕ ಎಸ್‌ಎಂಪಿಎಸ್ ಅಂಟಿಕೊಂಡಿದೆಯಾ ನೋಡಿ. ಚಿಕ್ಕ ಲೋಹದ ಪಟ್ಟಿ ಕಾರ್ಡಿನ ಜೊತೆ ಕೊಡುತ್ತಾರಾ ಅಂತಲೂ ಕೇಳಿ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಅದು ಕಳೆದುಹೋಗಿರುವುದೇ ಜಾಸ್ತಿ.

ಸೆಕೆಂಡ್ ಹ್ಯಾಂಡ್ ಅಂದಮೇಲೆ ನಕಲಿ ಕಾರ್ಡಿನ ಮಾತೂ ಬರಬೇಕು. ಹಳೇ 450, 550ರಂಥ ಕಾರ್ಡಿನೊಳಗಿನ ಸಾಫ್ಟ್‌ವೇರ್ ತಿದ್ದಿ ‘1050 Ti’ ಅಂತ ಹೆಸರು ತೋರಿಸುವ ಹಾಗೆ ಮಾಡಿ ಮಾರುತ್ತಾರೆ. ವಿಂಡೋಸ್ ಕೂಡ ಆ ಹೆಸರನ್ನೇ ತೋರಿಸುತ್ತದೆ. ಪತ್ತೆ ಹಚ್ಚಲು ಸುಲಭ ಗುರುತು ಒಂದಿದೆ. ನೀಲಿ ಬಣ್ಣದ ಹಳೇ ವಿಜಿಎ ಕಿಂಡಿ ಕಾರ್ಡಿನ ಮೇಲೆ ಇದ್ದರೆ ಅದು ನಿಜವಾದ 1050 Ti ಅಲ್ಲ. ಆ ತಲೆಮಾರಿನ ಚಿಪ್‌ಗಳಿಂದ ವಿಜಿಎ ಹೊರಬರುವ ಏರ್ಪಾಡನ್ನೇ ತೆಗೆದುಹಾಕಿದ್ದರು. ಇನ್ನೂ ಖಾತ್ರಿ ಬೇಕಂದರೆ GPU-Z ಅನ್ನೋ ಉಚಿತ ಪ್ರೋಗ್ರಾಂ ಹಾಕಿ ನೋಡಿ. ಇಂಥ ನಕಲಿ ಕಾರ್ಡಿನ ಹೆಸರಿನ ಹಿಂದೆ ಅದು [FAKE] ಅಂತ ಬರೆಯುತ್ತದೆ. ಕಾರ್ಡ್ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಷಿನ್ನಿಗೆ ಹಾಕಿಸಿ ಇದನ್ನು ನೋಡಲು ಬಿಡದವರ ಹತ್ತಿರ ತಗೊಳ್ಳಬೇಡಿ.

ವಿಜಿಎ ಇಲ್ಲ ಅನ್ನೋದಕ್ಕೆ ಇನ್ನೊಂದು ಮುಖ ಇದೆ. ನಿಮ್ಮ ಮಾನಿಟರ್ ಕೂಡ ಆಫೀಸಿನದೇ ಆಗಿದ್ದರೆ ಅದಕ್ಕೆ ವಿಜಿಎ ಮಾತ್ರ ಇರಬಹುದು. ಆಗ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕು. ಬರೀ ವೈರ್ ಸಾಲದು, ಒಳಗೆ ಚಿಪ್ ಇರುವ ಅಡಾಪ್ಟರೇ ಆಗಬೇಕು. ಕೇಬಲ್ಲನ್ನು ಹೊಸ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿನ ಕಿಂಡಿಗಲ್ಲ. ಇದು ತೀರಾ ಸಣ್ಣ ಮಾತು ಅನ್ನಿಸಬಹುದು. ಆದರೆ ‘ಕಾರ್ಡ್ ಹಾಕಿದರೂ ಏನೂ ಬದಲಾಗಲಿಲ್ಲ’ ಅಂತ ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಡಬ್ಬಿ ಹೊತ್ತು ತಂದವರೊಬ್ಬರ ಮಷಿನ್ನಿನಲ್ಲಿ ಇದ್ದ ತೊಂದರೆ ಇಷ್ಟೇ.

ಕಾರ್ಡ್ ಸಿಕ್ಕಿತು, ಕೂತಿತು ಅಂದುಕೊಳ್ಳಿ. ಆಮೇಲೆ ರ‍್ಯಾಮ್ ನೋಡಿ. Ctrl, Shift, Esc ಮೂರನ್ನೂ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. Performance ಒಳಗೆ Memory ಒತ್ತಿ. Slots used ಎದುರಿಗೆ 1 ಅಂತ ಇದ್ದರೆ ನಿಮ್ಮ 8 ಜಿಬಿ ಒಂದೇ ಕಡ್ಡಿಯಲ್ಲಿದೆ. ಅದರ ಜೋಡಿ ಸ್ಲಾಟಿಗೆ ಅಂಥದ್ದೇ ಇನ್ನೊಂದು ಕಡ್ಡಿ ಹಾಕಿದರೆ ಎರಡೂ ಜೋಡಿಯಾಗಿ ಕೆಲಸ ಮಾಡುತ್ತವೆ, ಪ್ರೊಸೆಸರ್‌ಗೆ ಮಾಹಿತಿ ಹರಿಯುವ ದಾರಿ ಅಗಲವಾಗುತ್ತದೆ. ಇದು ಆಮೇಲೆ ಮಾಡಿದರೂ ನಡೆಯುತ್ತದೆ. 8 ಜಿಬಿಯಲ್ಲೇ ಆಡಬಹುದು, ಕ್ರೋಮ್ ಮುಚ್ಚಿರಬೇಕು ಅಷ್ಟೇ.

ಇನ್ನು ಗೇಮ್ ಕೊಳ್ಳುವ ಮಾತು. ಸ್ಟೀಮ್‌ನಲ್ಲಿ ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಓಡುತ್ತಾ ಇಲ್ಲವಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ನಮ್ಮ ಕಡೆ ಇದರಲ್ಲಿ ಒಂದು ತೊಡಕಿದೆ. ನಿಮ್ಮದು ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್ ಆಗಿದ್ದರೆ 14 ದಿನದಲ್ಲಿ ಇಳಿಯುವುದು 28 ಜಿಬಿ. ಆಟ ಪೂರ್ತಿ ಇಳಿಯುವ ಮುಂಚೆಯೇ ವಾಪಸ್ ಕೇಳುವ ಅವಧಿ ಮುಗಿದುಹೋಗುತ್ತದೆ. ಗೇಮ್ ಕೊಂಡ ಮೇಲೆ ಫೈಬರ್ ಇರುವ ಗೆಳೆಯರ ಮನೆಯಲ್ಲಿ ನಿಮ್ಮ ಖಾತೆಯಿಂದ ಲಾಗಿನ್ ಆಗಿ ಇಳಿಸಿಕೊಳ್ಳಿ. ಅಲ್ಲಿನ steamapps\common ಒಳಗಿರುವ ಆಟದ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ನಿಮ್ಮ ಮಷಿನ್ನಿನಲ್ಲಿ ಅದೇ ಜಾಗಕ್ಕೆ ಹಾಕಿ, ಆಮೇಲೆ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲುಗಳನ್ನು ಅದು ಪರೀಕ್ಷೆ ಮಾಡಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸುತ್ತದೆ. ಕಾರ್ಡ್ ಕೂತು, ಡ್ರೈವರ್ ಹಾಕಿ, ಇಳಿಸಿಕೊಳ್ಳಲು ಗೆಳೆಯರ ಮನೆಯನ್ನೂ ಗೊತ್ತು ಮಾಡಿಕೊಂಡ ಮೇಲೆಯೇ ದುಡ್ಡು ಕಟ್ಟಿ. ಲಾಂಚರ್ ತೆರೆದಿಟ್ಟು ಊಟಕ್ಕೆ ಹೋಗಬೇಡಿ, ಆ ಸಮಯವೂ 2 ಗಂಟೆಯ ಲೆಕ್ಕಕ್ಕೆ ಸೇರುತ್ತದೆ.

ಮೊದಲ ಸಲ ತೆರೆದಾಗ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ. ಮೇಲ್ಗಡೆ Video Memory ಅನ್ನೋ ಪಟ್ಟಿ ಕಾಣುತ್ತದೆ. ನೀವು ಟೆಕ್ಸ್‌ಚರ್ ಏರಿಸಿದ ಹಾಗೆ ಅದು ತುಂಬುತ್ತಾ ಹೋಗುತ್ತದೆ. ಕಾರ್ಡಿನ ಮಿತಿ ದಾಟದ ಹಾಗೆ ಇಡಿ. MSAA ಆಫ್ ಮಾಡಿ. Grass Quality ಕೆಳಗಿಡಿ, ಊರ ಹೊರಗೆ ಹುಲ್ಲು ಇರುವ ಕಡೆ ಕಾರ್ಡನ್ನು ಹಿಂಡುವುದು ಅದೇ. Population Density ಅರ್ಧಕ್ಕೆ ಇಳಿಸಿದರೆ ರಸ್ತೆಯಲ್ಲಿ ಜನ, ವಾಹನ ಕಡಿಮೆಯಾಗಿ ಪ್ರೊಸೆಸರ್‌ಗೆ ಹಗುರಾಗುತ್ತದೆ. ಇಷ್ಟು ಮಾಡಿದರೆ 1050 Tiಯಲ್ಲಿ 1920x1080ರಲ್ಲೇ ಚೆನ್ನಾಗಿ ಆಡಬಹುದು.

ಆದರೂ ಎಳೆದಾಡಿದರೆ ಯಾರ ತಪ್ಪು ಅಂತ ಹೀಗೆ ಹಿಡಿಯಿರಿ. ರೆಸಲ್ಯೂಶನ್ 1280x720ಕ್ಕೆ ಇಳಿಸಿ, ಅದೇ ಬೀದಿಯಲ್ಲಿ ಮತ್ತೆ ಓಡಾಡಿ. ಹಗುರಾಯಿತಾ? ಕಾರ್ಡಿಗೆ ಭಾರವಾಗಿತ್ತು. ಏನೂ ಬದಲಾಗಲಿಲ್ಲವಾ? ಪ್ರೊಸೆಸರ್ ಸುಸ್ತಾಗಿದೆ, ಗ್ರಾಫಿಕ್ಸ್ ಇಳಿಸಿ ಉಪಯೋಗವಿಲ್ಲ. ಮಾಮೂಲಾಗಿ ಚೆನ್ನಾಗಿದ್ದು, ಕಾರು ಜೋರಾಗಿ ಓಡಿಸಿದಾಗ ಮಾತ್ರ ತಡೆದು, ರಸ್ತೆ, ಕಟ್ಟಡ ತಡವಾಗಿ ಮೂಡಿದರೆ ಹಾರ್ಡ್ ಡಿಸ್ಕ್ ನಿಧಾನ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ Disk 100% ಮುಟ್ಟಿರುವುದು ಕಾಣುತ್ತದೆ. ಸಾಟಾ ಎಸ್‌ಎಸ್‌ಡಿಯೊಂದು ಹಾಕಿದರೆ ಅದು ಹೋಗುತ್ತದೆ. ಮೊದಲ 15 ನಿಮಿಷ ಚೆನ್ನಾಗಿದ್ದು ಆಮೇಲೆ ಕುಸಿದರೆ ಬಿಸಿ. ಟಾಸ್ಕ್ ಮ್ಯಾನೇಜರ್‌ನ CPU ಪುಟದಲ್ಲಿ Speed ನೋಡಿ. ಆಡುತ್ತಿರುವಾಗ ಅದು 3.2 ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದರೆ ಪ್ರೊಸೆಸರ್ ಬಿಸಿಗೆ ಹೆದರಿ ನಿಧಾನವಾಗಿದೆ. ನಮ್ಮ ಎರಿ ಮಣ್ಣಿನ ಧೂಳು ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂತಿರುತ್ತದೆ. ಹತ್ತು ವರ್ಷ ದಾಟಿದ ಮಷಿನ್ನಿನಲ್ಲಿ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಬ್ರಶ್‌ನಿಂದ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿಸಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಮಾಡದೆ ಆಡಲು ಕೂರಬೇಡಿ.

ಮುಂದೆ ಬೇರೆ ಹೊಸ ಆಟ ನೋಡುವಾಗ ಒಂದು ಬಾಗಿಲನ್ನು ನೆನಪಿಡಿ. ನಿಮ್ಮ 3ನೇ ತಲೆಮಾರಿನ ಪ್ರೊಸೆಸರ್‌ನಲ್ಲಿ AVX2 ಅನ್ನೋ ಸೌಲಭ್ಯ ಇಲ್ಲ. ಅದು ಬಂದದ್ದು 4ನೇ ತಲೆಮಾರಿನಿಂದ. ಕೆಲವು ಹೊಸ ಆಟಗಳು ಅದಿಲ್ಲದಿದ್ದರೆ ಏನೂ ಹೇಳದೆ ಮುಚ್ಚಿಕೊಳ್ಳುತ್ತವೆ. ಅಲ್ಲಿ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಕೆಲಸಕ್ಕೆ ಬರುವುದಿಲ್ಲ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಡಬ್ಬಿಯ ಮುಚ್ಚಳ ತೆಗೆದು ಎರಡು ಫೋಟೊ ಹೊಡೆಯುವುದು. ಒಂದು ಎಸ್‌ಎಂಪಿಎಸ್ ಸ್ಟಿಕ್ಕರಿನದು, ಅದರಲ್ಲಿ +12V ಕಾಲಂ ಸ್ಪಷ್ಟವಾಗಿ ಕಾಣಬೇಕು. ಇನ್ನೊಂದು ಉದ್ದನೆಯ ಸ್ಲಾಟಿನದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಕಳಿಸಿದರೆ ಯಾವ ಕಾರ್ಡ್ ಕೂರುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಕಾರ್ಡಿಗೂ ಗೇಮಿಗೂ ದುಡ್ಡು ಕೊಡಬೇಡಿ.